ಬೆರೆನಿಕೆಯಿಂದ ಒಬ್ಬ ನಾವಿಕನ ಕಾಗದ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿ.ಶ. ಒಂದನೇ ಶತಮಾನದ ನಡುಭಾಗ. ಈಜಿಪ್ಟ್ ರೋಮನ್ನರ ಕೈಯಲ್ಲಿದೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನಿಂದ ಹಡಗೊಂದು ಕೇರಳ ಕರಾವಳಿಯ ಮುಝಿರಿಸ್ ಬಂದರಿಗೆ ಹೋಗಿ ವಾಪಸ್ ಬಂದಿದೆ. ಅದರಲ್ಲಿದ್ದ ಒಬ್ಬ ಈಜಿಪ್ಟಿನ ಹುಡುಗ ಊರಿಗೆ ಕಾಗದ ಬರೆಯುತ್ತಿದ್ದಾನೆ. ಮೊದಲು ಕಾಗದ ಓದಿ. ಓದಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಅದರ ಕೆಳಗಿವೆ.

ಕಾಗದ

ಅಪ್ಪನಿಗೆ ಮಗ ಮಾಡುವ ನಮಸ್ಕಾರ. ಎಲ್ಲಕ್ಕಿಂತ ಮೊದಲು ನೀವು ಆರೋಗ್ಯವಾಗಿರಲಿ ಎಂದು ಇಲ್ಲಿಯ ಸೆರಾಪಿಸ್ ದೇವರ ಮುಂದೆ ದಿನಾ ಬೇಡಿಕೊಳ್ಳುತ್ತೇನೆ. ಅಮ್ಮನಿಗೆ, ತಂಗಿಗೆ, ಅಣ್ಣನ ಮಕ್ಕಳಿಗೆ ನಾನು ಕೇಳಿದೆ ಅಂತ ಹೇಳಿ.

ನಾನು ಜೀವಸಹಿತ ಬೆರೆನಿಕೆಗೆ ಬಂದಿದ್ದೇನೆ. ಹೋದ ಬೇಸಿಗೆಯಲ್ಲಿ, ನಾಯಿನಕ್ಷತ್ರ ಮೂಡುವ ಹೊತ್ತಿಗೆ ಇಲ್ಲಿಂದ ಹೊರಟೆವು. ಓಕೆಲಿಸ್ ಮುಟ್ಟಲು ಮೂವತ್ತು ದಿನ ಹಿಡಿಯಿತು. ಅಲ್ಲಿ ನೀರು ತುಂಬಿಕೊಂಡೆವು, ಅಷ್ಟೇ. ಕೊಳ್ಳುವಂಥ ಪೇಟೆ ಅಲ್ಲಿಲ್ಲ. ಆಮೇಲೆ ನಲವತ್ತು ದಿನ ನೆಲ ಕಾಣಲಿಲ್ಲ. ಗಾಳಿ ಬೆನ್ನ ಹಿಂದಿನಿಂದ ದೂಡುತ್ತಲೇ ಇತ್ತು. ಅಲೆ ಎಷ್ಟು ಎತ್ತರ ಇತ್ತು ಅಂತ ಅಮ್ಮನಿಗೆ ಹೇಳಬೇಡಿ. ಒಂದು ಬೆಳಿಗ್ಗೆ ನೀರಿನಲ್ಲಿ ಕರೀ ಹಾವುಗಳು ಕಂಡವು, ಕಣ್ಣು ರಕ್ತದಷ್ಟು ಕೆಂಪು. ನಾನು ಕಿರುಚಿದೆ. ಚುಕ್ಕಾಣಿ ಹಿಡಿಯುವ ಮುದುಕ ನಕ್ಕ. ಹಾವು ಬಂತು ಅಂದರೆ ನೆಲ ಬಂತು ಅಂದ.

ಮುಝಿರಿಸ್ ಇರುವುದು ನದಿಯ ಮೇಲೆ. ನಮ್ಮ ಹಡಗು ದೊಡ್ಡದು, ದಡಕ್ಕೆ ಹೋಗಲಿಲ್ಲ. ಸಣ್ಣ ದೋಣಿಗಳು ಬಂದು ಸಾಮಾನು ಇಳಿಸಿಕೊಂಡವು. ಇಳಿಸಿದ್ದು ಜಾಸ್ತಿ ನಾಣ್ಯದ ಪೆಟ್ಟಿಗೆಗಳು. ಜೊತೆಗೆ ಹವಳ, ಗಾಜಿನ ಗಟ್ಟಿ, ತಾಮ್ರ, ತವರ, ಸ್ವಲ್ಪ ದ್ರಾಕ್ಷಾರಸ. ಗೋಧಿ ಮೂಟೆಗಳನ್ನು ಮುಟ್ಟಲಿಲ್ಲ, ಅವು ನಮ್ಮ ಊಟಕ್ಕೆ. ಅಲ್ಲಿಯವರು ಅಕ್ಕಿ ತಿನ್ನುತ್ತಾರೆ. ಹತ್ತಿಸಿದ್ದು ಕಾಳುಮೆಣಸು. ಮೂಟೆ ಮೇಲೆ ಮೂಟೆ. ನನ್ನ ಹಾಸಿಗೆ, ಬಟ್ಟೆ, ಕೂದಲು ಎಲ್ಲ ಈಗಲೂ ಅದರದೇ ವಾಸನೆ. ಆನೆದಂತ, ಜಟಾಮಾಂಸಿ, ದಾಲ್ಚಿನ್ನಿ ಜಾತಿಯ ಎಲೆ, ಆಮೆ ಚಿಪ್ಪೂ ಇದ್ದವು. ಮುತ್ತು ನಾನು ನೋಡಲಿಲ್ಲ. ಮುತ್ತಿನದು ಅಂತ ಹೇಳಿದ ಪೆಟ್ಟಿಗೆಯ ಮೊಹರು ನೋಡಿದೆ.

ಗಾಳಿ ತಿರುಗುವ ತನಕ ಅಲ್ಲೇ ಕಾದೆವು. ನನ್ನ ಜೊತೆಯವನು ಒಂದು ಕೋತಿಮರಿ ಕೊಂಡಿದ್ದಾನೆ. ದಾರಿಯುದ್ದಕ್ಕೂ ಅದು ನನ್ನ ರೊಟ್ಟಿ ಕದ್ದಿದೆ.

ಈಗ ಸಾಮಾನು ಒಂಟೆ ಮೇಲೆ ನೈಲ್ ದಡದ ಕಾಪ್ಟೋಸ್‌ಗೆ ಹೋಗುತ್ತಿದೆ. ಆ ಸಾಲಿನ ಕಾವಲುಗಾರನ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ಹಡಗಿನ ರಿಪೇರಿ ಇದೆ, ನಾನು ಇಲ್ಲೇ ಇರಬೇಕು. ಒಂದು ಹಿಡಿ ಮೆಣಸು ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದೇನೆ. ಕೈಸೇರಿತೋ ಇಲ್ಲವೋ ಬರೆಯಿರಿ. ನಾನು ಹೊರಟ ಮೇಲೆ ನಿಮ್ಮಿಂದ ಒಂದು ಸಾಲೂ ಇಲ್ಲ.

ಇದು ಎಲ್ಲಿ ಸಿಕ್ಕಿತು? ಯಾವ ಮ್ಯೂಸಿಯಂನಲ್ಲಿದೆ?

ಎಲ್ಲೂ ಇಲ್ಲ. ಬರೆದದ್ದು ನಾನು. ಮುಝಿರಿಸ್‌ಗೆ ಹೋಗಿಬಂದ ನಾವಿಕ ಮನೆಗೆ ಬರೆದ ಕಾಗದ ಅಂತ ಯಾರಾದರೂ ತೋರಿಸಿದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಆದರೆ ಒಳಗಿನ ಸಂಗತಿಗಳು ಸುಮ್ನೆ ಕಟ್ಟಿದ್ದಲ್ಲ. ಅವು ಹೆಚ್ಚಾಗಿ ಮೂರು ಕಡೆಯಿಂದ ಬಂದವು. ಒಂದು, ಪೆರಿಪ್ಲಸ್ ಎಂಬ ಗ್ರೀಕ್ ಕೈಪಿಡಿ. ಈಜಿಪ್ಟಿನ ಹೆಸರಿಲ್ಲದ ವರ್ತಕನೊಬ್ಬ ಒಂದನೇ ಶತಮಾನದಲ್ಲಿ ಬರೆದದ್ದು. ಯಾವ ಬಂದರಿನಲ್ಲಿ ಏನು ಮಾರಬೇಕು, ಏನು ಕೊಳ್ಳಬೇಕು ಅಂತ ಪಟ್ಟಿ ಕೊಡುತ್ತದೆ. ಎರಡು, ಅದೇ ಕಾಲದ ರೋಮನ್ ಲೇಖಕ ಪ್ಲಿನಿ ಕೊಡುವ ದಾರಿಯ ವಿವರ. ಮೂರು, ಬೆರೆನಿಕೆಯ ಮರಳಿನಲ್ಲಿ ಅಗೆದಾಗ ಸಿಕ್ಕಿದ ವಸ್ತುಗಳು.

ಕಾಗದದ ಧಾಟಿಗೂ ಒಂದು ಮಾದರಿ ಇದೆ. ಎರಡನೇ ಶತಮಾನದಲ್ಲಿ ಅಪಿಯೋನ್ ಎಂಬ ಈಜಿಪ್ಟಿನ ಹುಡುಗ ರೋಮನ್ ನೌಕಾದಳ ಸೇರಿದ. ಇಟಲಿಯ ಮಿಸೇನಮ್‌ನಿಂದ ಅಪ್ಪನಿಗೆ ಬರೆದ ಅವನ ಕಾಗದ ಉಳಿದಿದೆ. ಸಮುದ್ರದಲ್ಲಿ ಅಪಾಯ ಬಂದಾಗ ಸೆರಾಪಿಸ್ ದೇವರು ಕಾಪಾಡಿದ ಅಂತ ಬರೆಯುತ್ತಾನೆ, ದಾರಿಖರ್ಚಿಗೆ ಮೂರು ಚಿನ್ನದ ನಾಣ್ಯ ಸಿಕ್ಕಿದ್ದನ್ನು ಹೇಳುತ್ತಾನೆ. ಅವನು ಕಂಡದ್ದು ಮೆಡಿಟರೇನಿಯನ್, ಮಾನ್ಸೂನ್ ಅಲ್ಲ. ಮನೆಗೆ ಬರೆಯುವ ರೀತಿ ಮಾತ್ರ ಅವನದೇ.

ಮುಝಿರಿಸ್‌ನಿಂದಲೇ ಬರೆಯಬಹುದಿತ್ತು ಅಲ್ವಾ? ವಾಪಸ್ ಬಂದ ಮೇಲೆ ಬರೆಯುವುದರಲ್ಲಿ ಏನು ಮಜಾ?

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಬರೆಯಬಹುದಿತ್ತು. ಒಯ್ಯುವವರು ಯಾರು?

ಲೆಕ್ಕ ಹಾಕಿ ನೋಡಿ. ಪ್ಲಿನಿ ಪ್ರಕಾರ ಹಡಗುಗಳು ಬೆರೆನಿಕೆ ಬಿಡುವುದು ನಡುಬೇಸಿಗೆಯಲ್ಲಿ, ನಾಯಿನಕ್ಷತ್ರ (ನಾವು ಲುಬ್ಧಕ ಅನ್ನುತ್ತೇವೆ) ಮೂಡುವ ಮೊದಲು ಅಥವಾ ಮೂಡಿದ ಕೂಡಲೇ. ಜುಲೈ ತಿಂಗಳ ಸುಮಾರು 20 ಅಂತಿಟ್ಟುಕೊಳ್ಳಿ. ಕೆಂಪು ಸಮುದ್ರದ ಬಾಯಿಯಲ್ಲಿರುವ ಓಕೆಲಿಸ್‌ಗೆ 30 ದಿನ, ಅಂದರೆ ಆಗಸ್ಟ್ 20ರ ಹೊತ್ತಿಗೆ. ಅಲ್ಲಿಂದ ಮುಝಿರಿಸ್‌ಗೆ 40 ದಿನ. ಸೆಪ್ಟೆಂಬರ್ ಕೊನೆ. ವಾಪಸ್ ಹೊರಡುವುದು ಡಿಸೆಂಬರ್‌ನಿಂದ ಜನವರಿ ಮಧ್ಯದೊಳಗೆ.

ಈಗ ನಮ್ಮ ಹುಡುಗ ಅಕ್ಟೋಬರ್‌ನಲ್ಲಿ ಮುಝಿರಿಸ್‌ನ ದಡದಲ್ಲಿ ಕೂತು ಕಾಗದ ಬರೆದ ಅನ್ನಿ. ಆಗ ಪಶ್ಚಿಮಕ್ಕೆ ಹೋಗುವ ಹಡಗೇ ಇಲ್ಲ. ಎಲ್ಲರಿಗೂ ಅದೇ ಗಾಳಿ ಬೇಕು, ಎಲ್ಲರೂ ಅದಕ್ಕೇ ಕಾಯುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಕಾಗದ ಹೊರಟರೆ ಬರೆದವನೂ ಅದೇ ಸಾಲಿನ ಹಡಗಿನಲ್ಲಿ ಹೊರಡುತ್ತಾನೆ. ಕಾಗದ, ಬರೆದವನು, ಮೆಣಸು ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಬೆರೆನಿಕೆಗೆ ಬರುತ್ತವೆ.

ಹಾಗಾಗಿ ಇಂಥ ಕಾಗದಕ್ಕೆ ನಿಜವಾಗಿ ಅರ್ಥವಿರುವ ಜಾಗ ಎರಡೇ. ಹೊರಡುವ ಮೊದಲು ಬೆರೆನಿಕೆ, ಬಂದ ಮೇಲೆ ಬೆರೆನಿಕೆ. ಮೊದಲನೆಯದರಲ್ಲಿ ಬಂದರುಗಳ ಸುದ್ದಿ ಇರುವುದಿಲ್ಲ. ಎರಡನೆಯದರಲ್ಲಿ ಎಲ್ಲವೂ ಇರುತ್ತದೆ. ಬಂದ ಮೇಲೂ ಹಡಗಿನವರು ಕೂಡಲೇ ಮನೆಗೆ ಓಡುವಂತಿರಲಿಲ್ಲ. ಹಲಗೆ, ಹಾಯಿ, ಹಗ್ಗ ಸರಿಮಾಡಬೇಕು, ಜುಲೈಗೆ ಮತ್ತೆ ಹೊರಡಬೇಕು. ಆ ಬಿಡುವಿನಲ್ಲಿ ಬರೆದದ್ದು ಇದು.

ಇನ್ನೊಂದು ದುಃಖದ ಸಂಗತಿಯೂ ಇದರಲ್ಲೇ ಇದೆ. ಹಡಗು ಮುಳುಗಿದರೆ ಮನೆಯವರಿಗೆ ಅದು ಗೊತ್ತಾಗುವುದು ಮುಂದಿನ ವಸಂತದಲ್ಲಿ, ಅದೂ ಉಳಿದ ಹಡಗುಗಳು ಬಂದು ಇದೊಂದು ಬಾರದೇ ಹೋದಾಗ.

ಇಷ್ಟು ಕಟ್ಟುನಿಟ್ಟು ಯಾಕೆ? ಮೇ ತಿಂಗಳಲ್ಲೇ ಹೊರಡಬಾರದಿತ್ತಾ?

ಗಾಳಿ ಹೋಗಲು ಬಿಡುತ್ತದೆ, ಇಳಿಯಲು ಬಿಡುವುದಿಲ್ಲ. ನೈಋತ್ಯ ಮಾನ್ಸೂನ್ ಜೂನ್, ಜುಲೈ ತಿಂಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ನೇರವಾಗಿ ಬಡಿಯುತ್ತದೆ. ಆಗ ಹಡಗು ಬಂದರೆ ಕಲ್ಲಿಗೋ ಮರಳಿಗೋ ಬಡಿದು ಒಡೆಯಬೇಕು. ಇವತ್ತಿಗೂ ಆ ಎರಡು ತಿಂಗಳು ಮಲ್ಪೆಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವುದಿಲ್ಲ. ಮೀನಿನ ಮರಿ ಉಳಿಯಲಿ ಅಂತ ಸರ್ಕಾರದ ನಿಷೇಧ ಇರುವುದು ನಿಜ. ಕಡಲ ಆರ್ಭಟ ನೋಡಿದವರಿಗೆ ನಿಷೇಧ ಹೇಳಿಕೊಡಬೇಕಿಲ್ಲ.

ಆದ್ದರಿಂದ ಉಪಾಯ ಏನೆಂದರೆ, ಮಾನ್ಸೂನಿನ ಬಾಲ ಹಿಡಿಯುವುದು. ಆಗಸ್ಟ್ ಕೊನೆಗೆ ಅರಬ್ಬಿ ಸಮುದ್ರಕ್ಕೆ ಇಳಿದರೆ ದೂಡಲು ಬೇಕಾದಷ್ಟು ಗಾಳಿ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಕರಾವಳಿ ಮುಟ್ಟುವ ಹೊತ್ತಿಗೆ ಕಡಲು ತಣ್ಣಗಾಗಿರುತ್ತದೆ.

ವಾಪಸ್ ದಾರಿ ಸುಲಭ. ಈಶಾನ್ಯದ ಗಾಳಿ ಮೆತ್ತಗಿನದು, ಆಕಾಶವೂ ಸ್ವಚ್ಛ. ತೊಂದರೆ ಶುರುವಾಗುವುದು ಕೆಂಪು ಸಮುದ್ರದೊಳಗೆ. ಅದರ ದಕ್ಷಿಣ ಭಾಗದಲ್ಲಿ ಚಳಿಗಾಲಕ್ಕೆ ದಕ್ಷಿಣದ ಗಾಳಿ ಸಿಗುತ್ತದೆ. ಉತ್ತರ ಭಾಗದಲ್ಲಿ ವರ್ಷವಿಡೀ ಎದುರುಗಾಳಿ. ಬೆರೆನಿಕೆಯನ್ನು ಅಷ್ಟು ಕೆಳಗೆ, ಮರುಭೂಮಿಯ ಮೂಲೆಯಲ್ಲಿ ಕಟ್ಟಿದ್ದರ ಗುಟ್ಟು ಇದು. ಎದುರುಗಾಳಿಯಲ್ಲಿ ವಾರಗಟ್ಟಲೆ ಗುದ್ದಾಡುವುದಕ್ಕಿಂತ ಅಲ್ಲೇ ಇಳಿಸಿ ಒಂಟೆ ಮೇಲೆ ಹೇರುವುದು ವಾಸಿ ಅಂತ ಲೆಕ್ಕ. ಇನ್ನೂ ಉತ್ತರಕ್ಕಿರುವ ಮ್ಯೋಸ್ ಹಾರ್ಮೋಸ್ ಬಂದರಿನಿಂದ ಒಂಟೆ ದಾರಿ ಹತ್ತಿರ, ಹಡಗಿನ ದಾರಿ ಕಷ್ಟ. ಎರಡೂ ನಡೆಯುತ್ತಿದ್ದವು. ಮ್ಯೋಸ್ ಹಾರ್ಮೋಸ್ ಒಂದರಿಂದಲೇ ವರ್ಷಕ್ಕೆ 120 ಹಡಗು ಭಾರತಕ್ಕೆ ಹೊರಡುತ್ತವೆ ಅಂತ ಗ್ರೀಕ್ ಲೇಖಕ ಸ್ಟ್ರಾಬೋ ಬರೆದಿದ್ದಾನೆ.

ಮಾನ್ಸೂನ್ ಕಂಡುಹಿಡಿದದ್ದು ಹಿಪ್ಪಾಲಸ್ ಅಂತ ಓದಿದ್ದೇವೆ. ಕಾಗದದಲ್ಲಿ ಅವನ ಹೆಸರೇ ಇಲ್ಲವಲ್ಲ?

ನಾವಿಕನಿಗೆ ಅದು ಬರೀ ಗಾಳಿಯ ಹೆಸರು. ಪ್ಲಿನಿ ಆ ಗಾಳಿಯನ್ನೇ ಹಿಪ್ಪಾಲಸ್ ಅನ್ನುತ್ತಾನೆ. ಪೆರಿಪ್ಲಸ್ ಆ ಹೆಸರಿನ ಚುಕ್ಕಾಣಿಗನೊಬ್ಬ ತೆರೆದ ಸಮುದ್ರದ ದಾರಿ ಕಂಡ ಅನ್ನುತ್ತದೆ. ಗ್ರೀಕರಿಗೆ ಅದು ಹೊಸದು, ಸರಿ. ಅದಕ್ಕೆ ಎಷ್ಟೋ ಮೊದಲೇ ಅರಬರಿಗೂ ಭಾರತದವರಿಗೂ ಆ ಗಾಳಿ ಗೊತ್ತಿತ್ತು. ಕ್ರಿ.ಪೂ. ಎರಡನೇ ಶತಮಾನದ ಕೊನೆಗೆ ಯೂಡಾಕ್ಸಸ್ ಎಂಬ ಗ್ರೀಕನಿಗೆ ಭಾರತದ ದಾರಿ ತೋರಿಸಿದವನು ಹಡಗು ಒಡೆದು ಕೆಂಪು ಸಮುದ್ರದ ತೀರಕ್ಕೆ ಬಂದು ಬಿದ್ದಿದ್ದ ಒಬ್ಬ ಭಾರತೀಯ. ಈ ಕತೆಯೂ ಸ್ಟ್ರಾಬೋ ಪುಸ್ತಕದಲ್ಲೇ ಇದೆ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಕೆಂಪು ಕಣ್ಣಿನ ಹಾವು ಸ್ವಲ್ಪ ಜಾಸ್ತಿ ಆಯಿತು ಅನಿಸಲಿಲ್ಲವೇ?

ಅದು ನನ್ನದಲ್ಲ. ಪೆರಿಪ್ಲಸ್ ಈ ಕರಾವಳಿಯ ಬಗ್ಗೆ ಹಾಗೇ ಹೇಳುತ್ತದೆ: ಕಪ್ಪು ಮೈ, ಗಿಡ್ಡ, ರಕ್ತದಂಥ ಕಣ್ಣು. ಉತ್ತರದಲ್ಲಿ ಬರಿಗಾಜದ (ಇವತ್ತಿನ ಭರೂಚ್) ಹತ್ತಿರ ಬರುವಾಗ ಬೇರೆ ತರಹದ ಹಾವು ಕಾಣುತ್ತವೆ ಅಂತಲೂ ಬರೆದಿದೆ. ಅಂದರೆ ಹಾವು ನೋಡಿ ನೆಲ ಹತ್ತಿರವಾಯಿತು ಅನ್ನುವುದಷ್ಟೇ ಅಲ್ಲ, ಯಾವ ಕರಾವಳಿ ಎಂದೂ ಅಂದಾಜು ಮಾಡುತ್ತಿದ್ದರು. ದಿಕ್ಸೂಚಿ ಇಲ್ಲದ ಕಾಲ. ಸೂರ್ಯ, ನಕ್ಷತ್ರ, ನೀರಿನ ಬಣ್ಣ, ಹಾವು, ಇವೇ ಗುರುತು. ನಮ್ಮ ಕರಾವಳಿಯಲ್ಲಿ ಕಡಲ ಹಾವು ಇವತ್ತಿಗೂ ಬಲೆಗೆ ಬೀಳುತ್ತವೆ, ಮೀನುಗಾರರನ್ನು ಕೇಳಿ. ಕಣ್ಣಿನ ಬಣ್ಣ ಮಾತ್ರ ಹೆದರಿಕೆಯಲ್ಲಿ ಇನ್ನಷ್ಟು ಕೆಂಪಾಗಿರಬಹುದು.

ನಾಣ್ಯ ಕೊಟ್ಟು ಮೆಣಸು ತಂದರು. ಅದರಲ್ಲಿ ಅಂಥ ಲಾಭ ಏನು?

ಒಂದು ಜಾಡಿಯ ಲೆಕ್ಕ ಮಾಡೋಣ. ಬೆರೆನಿಕೆಯ ಸೆರಾಪಿಸ್ ಗುಡಿಯಲ್ಲಿ ಅಗೆದಾಗ ನೆಲದಲ್ಲಿ ಹುದುಗಿದ್ದ ಒಂದು ದೊಡ್ಡ ಮಣ್ಣಿನ ಜಾಡಿ ಸಿಕ್ಕಿತು. ಜಾಡಿ ಭಾರತದ್ದು, ಒಂದನೇ ಶತಮಾನದ್ದು. ಅದರೊಳಗೆ 7.55 ಕೆಜಿ ಕಾಳುಮೆಣಸು ಹಾಗೇ ಇತ್ತು.

ರೋಮನ್ ಪೌಂಡ್ ಸುಮಾರು 327 ಗ್ರಾಂ. ಅಂದರೆ ಆ ಜಾಡಿಯಲ್ಲಿ ಸುಮಾರು 23 ಪೌಂಡ್. ಪ್ಲಿನಿ ಕೊಡುವ ಬೆಲೆ ಪೌಂಡಿಗೆ 4 ದಿನಾರಿಯಸ್. ಹಾಗಾದರೆ ಜಾಡಿಯ ಬೆಲೆ 92 ದಿನಾರಿಯಸ್. ಆ ಕಾಲದ ರೋಮನ್ ಸೈನಿಕನ ವರ್ಷದ ಸಂಬಳ 225. ಅಂದರೆ ಸೈನಿಕನೊಬ್ಬನ ಐದು ತಿಂಗಳ ಸಂಬಳ ಒಂದು ಜಾಡಿಯಲ್ಲಿತ್ತು. ಅದೂ ಕರಿಮೆಣಸು ಅಗ್ಗದ್ದು. ಬಿಳಿಮೆಣಸು 7, ಹಿಪ್ಪಲಿ 15 ದಿನಾರಿಯಸ್. ನಮ್ಮಲ್ಲಿ ಗಿಡದ ಪೊದೆಯಲ್ಲಿ ಸಿಗುವ ಹಿಪ್ಪಲಿ ಅಲ್ಲಿ ಮೆಣಸಿಗಿಂತ ನಾಲ್ಕು ಪಾಲು ದುಬಾರಿ!

ಮುಝಿರಿಸ್‌ನ ಕಡೆಯವರು ಈ ವ್ಯಾಪಾರ ನೋಡಿದ್ದು ಹೇಗೆ ಅಂತಲೂ ಗೊತ್ತು. ಯವನರ ಹಡಗು ಚಿನ್ನದೊಡನೆ ಬಂದು ಮೆಣಸಿನೊಡನೆ ಮರಳುತ್ತದೆ ಅಂತ ತಮಿಳಿನ ಸಂಗಂ ಕಾಲದ ಒಂದು ಪದ್ಯ ಹೇಳುತ್ತದೆ. ಊರಿನ ಹೆಸರು ಅದರಲ್ಲಿ ಮುಚಿರಿ. ಗ್ರೀಕ್ ಪಟ್ಟಿಯೂ ಅದನ್ನೇ ಹೇಳುತ್ತದೆ: ತರಬೇಕಾದ್ದರಲ್ಲಿ ಮೊದಲ ಸಾಲು ‘ನಾಣ್ಯ, ಬಹಳ’.

ಒಂದು ಹಡಗಿನ ಸರಕಿನ ನಿಜವಾದ ಲೆಕ್ಕ ಎಲ್ಲಾದರೂ ಉಳಿದಿದೆಯೇ?

ಒಂದೇ ಒಂದು ಉಳಿದಿದೆ, ಅದೂ ಹರಿದದ್ದು. ಎರಡನೇ ಶತಮಾನದ ನಡುಭಾಗದ ಒಂದು ಪಪೈರಸ್ ಹಾಳೆ, ಈಗ ವಿಯೆನ್ನಾದಲ್ಲಿದೆ. 1985ರಲ್ಲಿ ಪ್ರಕಟವಾಯಿತು. ಒಂದು ಬದಿಯಲ್ಲಿ ಸಾಲದ ಕರಾರು, ಅದರಲ್ಲಿ ಮುಝಿರಿಸ್ ಹೆಸರು ಬರುತ್ತದೆ. ಇನ್ನೊಂದು ಬದಿಯಲ್ಲಿ ಹರ್ಮಪೊಲ್ಲೋನ್ ಎಂಬ ಹಡಗಿನಲ್ಲಿ ಬಂದ ಸರಕಿನ ಬೆಲೆ. ಗಂಗಾ ಬಯಲಿನ ಜಟಾಮಾಂಸಿ 60 ಪೆಟ್ಟಿಗೆ, ಇಡೀ ಆನೆದಂತ, ದಂತದ ಚೂರು, ಹೀಗೆ.

ಸರ್ಕಾರ ಕಾಲುಭಾಗ ತೆಗೆದುಕೊಂಡ ಮೇಲೆ ಉಳಿದ ಮೊತ್ತ 1154 ಟ್ಯಾಲೆಂಟ್ ಮತ್ತು 2852 ದ್ರಾಖ್ಮ. ಒಂದು ಟ್ಯಾಲೆಂಟ್ ಅಂದರೆ 6000 ದ್ರಾಖ್ಮ. ಗುಣಿಸಿದರೆ ಸುಮಾರು 69 ಲಕ್ಷ ದ್ರಾಖ್ಮ. ಇದು ಮುಕ್ಕಾಲು ಪಾಲು, ಹಾಗಾದರೆ ಪೂರ್ತಿ ಸರಕು ಸುಮಾರು 92 ಲಕ್ಷ, ತೆರಿಗೆ ಸುಮಾರು 23 ಲಕ್ಷ. ಒಂದು ಹಡಗಿನಿಂದ! ಚಕ್ರವರ್ತಿಗೆ ಈ ಕಡಲ ಮೇಲೆ ಅಷ್ಟು ಪ್ರೀತಿ ಯಾಕೆ ಇತ್ತು ಅಂತ ಬೇರೆ ಹೇಳಬೇಕಿಲ್ಲ.

ಕರಾರಿನ ಬದಿಯೂ ಓದಲು ಚೆನ್ನಾಗಿದೆ. ಸಾಲ ಮಾಡಿದ ವರ್ತಕ ಏನು ಒಪ್ಪಿಕೊಳ್ಳುತ್ತಾನೆ ಅಂದರೆ, ಸರಕನ್ನು ನಂಬಿಕೆಯ ಒಂಟೆಯವನಿಗೆ ಒಪ್ಪಿಸಿ, ಕಾವಲಿಟ್ಟು ಕಾಪ್ಟೋಸ್‌ಗೆ ಸಾಗಿಸುತ್ತೇನೆ, ಸರ್ಕಾರಿ ಉಗ್ರಾಣದಲ್ಲಿ ನಿಮ್ಮ ಮೊಹರಿನಡಿ ಇಡುತ್ತೇನೆ, ಅಲ್ಲಿಂದ ನೈಲ್ ಮೇಲೆ ಅಲೆಕ್ಸಾಂಡ್ರಿಯಾಗೆ ಇಳಿಸಿ ಮತ್ತೆ ನಿಮ್ಮ ಮೊಹರಿನಡಿ ಇಡುತ್ತೇನೆ. ಸಾಲ ಕೊಟ್ಟವನಿಗೆ ಕಡಲಿನಷ್ಟೇ ಭಯ ಮರುಭೂಮಿಯ ಮೇಲೂ ಇತ್ತು ಅಂತಾಯಿತು. ಕಾಗದದಲ್ಲಿ ಹುಡುಗ ಮುತ್ತು ನೋಡದೆ ಮೊಹರು ಮಾತ್ರ ನೋಡಿದ್ದು ಈ ಕಾರಣಕ್ಕೇ.

ಹಾಗಾದರೆ ಒಂದು ಹಿಡಿ ಮೆಣಸು ಮನೆಗೆ ಹೇಗೆ ಕಳಿಸಿದ?

ಸಿಕ್ಕಿಬಿದ್ದಿರಿ ಅಂತ ಒಬ್ಬ ಓದುಗರು ಬರೆದಿದ್ದರು. ಮೊಹರು ಹಾಕಿದ ಮೂಟೆಯಿಂದ ತೆಗೆದಿದ್ದರೆ ಅವನ ಕತೆ ಮುಗಿಯುತ್ತಿತ್ತು. ನಾನು ಊಹಿಸಿದ್ದು ಬೇರೆ. ಮುಝಿರಿಸ್‌ನಲ್ಲಿ ಎರಡು ತಿಂಗಳಿಗೂ ಜಾಸ್ತಿ ಇದ್ದವನು ತನ್ನ ದುಡ್ಡಿನಲ್ಲಿ ಸ್ವಲ್ಪ ಕೊಂಡಿರುತ್ತಾನೆ. ಬೆರೆನಿಕೆಯ ಕಸದ ಗುಂಡಿಗಳಲ್ಲಿ ಅಕ್ಕಿ, ತೆಂಗಿನಕಾಯಿ ಚಿಪ್ಪು, ಹೆಸರುಕಾಳು ಸಿಕ್ಕಿವೆ. ಇವು ರೋಮ್‌ಗೆ ಮಾರಲು ತಂದ ಸರಕಲ್ಲ, ಹಡಗಿನವರ ಊಟ, ಗಂಟು ಮೂಟೆ. ಈ ಭಾಗ ಊಹೆ, ಒಪ್ಪದೇ ಇದ್ದರೆ ಜಗಳವಿಲ್ಲ.

ಅಂಚೆ ಇತ್ತೇ? ನಾವಿಕನಿಗೆ ಓದು ಬರಹ ಬರುತ್ತಿತ್ತೇ?

ಸರ್ಕಾರಿ ಓಲೆಗಳಿಗೆ ವ್ಯವಸ್ಥೆ ಇತ್ತು. ಸಾಮಾನ್ಯರಿಗೆ ಇರಲಿಲ್ಲ. ಆ ಕಡೆ ಹೋಗುವವರು ಯಾರು ಅಂತ ಹುಡುಕಿ ಕೈಗೆ ಕೊಡಬೇಕು. ಬೆರೆನಿಕೆಯಿಂದ ಕಾಪ್ಟೋಸ್‌ಗೆ 257 ರೋಮನ್ ಮೈಲಿ, ಅಂದರೆ ಸುಮಾರು 380 ಕಿ.ಮೀ. ಒಂಟೆ ಸಾಲಿಗೆ 12 ದಿನ. ಬಿಸಿಲಿಗೆ ಹೆದರಿ ರಾತ್ರಿ ನಡೆದು ಹಗಲು ನೀರಿನ ತಂಗುದಾಣಗಳಲ್ಲಿ ಮಲಗುತ್ತಿದ್ದರು. ಕಾಪ್ಟೋಸ್‌ನಿಂದ ಮುಂದೆ ನೈಲ್ ದೋಣಿ. ಕಾಗದ ಬರೆಯಲು ಬಾರದವರು ದುಡ್ಡು ಕೊಟ್ಟು ಬರೆಸುತ್ತಿದ್ದರು. ಪಪೈರಸ್ ಹಾಳೆ, ಜೊಂಡಿನ ಲೇಖನಿ, ಮಡಚಿ ದಾರ ಕಟ್ಟಿ ಹೊರಗೆ ವಿಳಾಸ.

ನಿಮ್ಮಿಂದ ಒಂದು ಸಾಲೂ ಇಲ್ಲ ಅನ್ನುವ ದೂರು ನಾನು ಸೇರಿಸಿದ ಒಗ್ಗರಣೆ ಅಂತ ತಿಳಿಯಬೇಡಿ. ಅದಿಲ್ಲದ ಕಾಗದವೇ ಅಪರೂಪ. ಬೆರೆನಿಕೆಯಲ್ಲೇ ಸಿಕ್ಕ ಒಂದನೇ ಶತಮಾನದ ನಿಜವಾದ ಕಾಗದದಲ್ಲಿ ಹಿಕಾನೆ ಎಂಬ ತಾಯಿ ಮಗ ಇಸಿದೋರಸ್‌ನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹತ್ತು ತಿಂಗಳು ಹೊತ್ತು ಮೂರು ವರ್ಷ ಹಾಲು ಕುಡಿಸಿದ್ದು ಒಂದು ಕಾಗದ ಬರೆದು ನೆನೆಸಿಕೊಳ್ಳಲೂ ಆಗದಂಥ ಮಗ ಆಗಲಿ ಅಂತಲಾ, ಅಂತ ಕೇಳುತ್ತಾಳೆ. ಹಡಗು ಹೊರಡುತ್ತಿತ್ತು ಅಂತ ಅವಸರದಲ್ಲಿ ಬರೆದದ್ದು. ಇದನ್ನು ಓದಿದ ಮೇಲೆ ನನ್ನ ಕಾಗದ ನನಗೇ ಸಪ್ಪೆ ಅನಿಸಿತು.

ಕೋತಿ ನಿಜವೇ?

ನಿಜ. ಬೆರೆನಿಕೆಯ ಹೊರವಲಯದಲ್ಲಿ ಸಾಕುಪ್ರಾಣಿಗಳ ಸ್ಮಶಾನ ಇದೆ. ಬೆಕ್ಕು ಜಾಸ್ತಿ, ನಾಯಿಗಳೂ ಇವೆ. ಅವುಗಳ ನಡುವೆ ಭಾರತದ ಜಾತಿಯ ಕೋತಿಗಳನ್ನೂ ಜೋಪಾನವಾಗಿ ಹೂಳಿದ್ದಾರೆ. ರೊಟ್ಟಿ ಕದ್ದದ್ದು ನನ್ನದು.

ಕಡಲುಗಳ್ಳರ ಸುದ್ದಿಯೇ ಇಲ್ಲ. ಅವರು ನಮ್ಮ ಮಂಗಳೂರಿನ ಕಡೆಯವರು ಅಂತ ಕೇಳಿದ್ದೇವೆ!

ಹುಡುಗ ಅಮ್ಮನಿಗೆ ಹೆದರಿ ಬರೆದಿಲ್ಲ ಅಂತಿಟ್ಟುಕೊಳ್ಳಿ. ಹಡಗಿನಲ್ಲಿ ಬಿಲ್ಲುಗಾರರ ಪಡೆ ಇರುತ್ತಿತ್ತು, ಕಳ್ಳರ ಭಯಕ್ಕೇ. ಪ್ಲಿನಿ ಮುಝಿರಿಸ್ ಬಗ್ಗೆ ಅಷ್ಟೇನೂ ಒಳ್ಳೆಯ ಮಾತಾಡುವುದಿಲ್ಲ. ಹತ್ತಿರದಲ್ಲೇ ನಿಟ್ರಿಯಾಸ್ ಎಂಬಲ್ಲಿ ಕಳ್ಳರಿದ್ದಾರೆ, ಹಡಗು ನಿಲ್ಲುವ ಜಾಗ ದಡದಿಂದ ದೂರ, ದೋಣಿಯಲ್ಲೇ ಸಾಮಾನು ಹೊರಬೇಕು ಅನ್ನುತ್ತಾನೆ. ಕಾಗದದಲ್ಲಿ ಸಣ್ಣ ದೋಣಿಗಳು ಬಂದದ್ದು ಈ ಸಾಲಿನಿಂದ. ನಿಟ್ರಿಯಾಸ್ ಅಂದರೆ ನೇತ್ರಾವತಿಯ ಬಾಯಿ ಅಂತ ಹಲವು ವಿದ್ವಾಂಸರು ಗುರುತಿಸಿದ್ದಾರೆ. ಹಾಗಿದ್ದರೆ ಮಂಗಳೂರು ಲಿಖಿತ ದಾಖಲೆಗೆ ಬರುವುದೇ ಕಳ್ಳರ ಊರಾಗಿ! ಮಂಗಳೂರಿನವರು ಬೇಜಾರು ಮಾಡಿಕೊಳ್ಳಬೇಡಿ. ದೂರು ಕೊಟ್ಟದ್ದು ಗಿರಾಕಿ. ಸ್ಥಳೀಯ ರಾಜನ ಕಡೆಯಿಂದ ನೋಡಿದರೆ ಅದೇ ಕೆಲಸಕ್ಕೆ ಸುಂಕ ವಸೂಲಿ ಅನ್ನುವ ಹೆಸರಿದ್ದಿರಬಹುದು.

ಕರ್ನಾಟಕಕ್ಕೆ ಈ ವ್ಯಾಪಾರದ ಗಟ್ಟಿ ಸಾಕ್ಷಿ ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಹುಡುಗನ ಕಾಗದದಲ್ಲಿ ಬರುವ ಪೆಟ್ಟಿಗೆಗಳಲ್ಲಿ ಇದ್ದಂಥವೇ.

ಈಜಿಪ್ಟಿನ ಪಪೈರಸ್‌ನಲ್ಲಿ ಕನ್ನಡ ಮಾತಿದೆಯಂತೆ. ಅದನ್ನು ಯಾಕೆ ಸೇರಿಸಲಿಲ್ಲ?

ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ ಅದು, ಎರಡನೇ ಶತಮಾನದ್ದು. ಭಾರತದ ತೀರದಲ್ಲಿ ಸಿಕ್ಕಿಕೊಂಡ ಗ್ರೀಕ್ ಹುಡುಗಿಯನ್ನು ಬಿಡಿಸಿಕೊಂಡು ಹೋಗುವ ಕತೆ. ಅಲ್ಲಿಯ ರಾಜ ಆಡುವ ಮಾತು ಕನ್ನಡ ಅಂತ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹುಲ್ಷ್ ಹೇಳಿದರು, ಆರ್. ಶಾಮಾಶಾಸ್ತ್ರಿ ಅದನ್ನು ಬೆಳೆಸಿದರು. ಇನ್ನು ಕೆಲವರು ತುಳು ಅಂದರು. ಜನರನ್ನು ನಗಿಸಲು ಕಟ್ಟಿದ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ನನಗೆ ಕೊನೆಯವರ ಮಾತೇ ಹತ್ತಿರ ಅನಿಸುತ್ತದೆ. ಮುಝಿರಿಸ್‌ನ ದಡದಲ್ಲಿ ಕೇಳುತ್ತಿದ್ದದ್ದು ಹಳೆಯ ತಮಿಳು, ಅದಕ್ಕೇ ಕಾಗದದೊಳಗೆ ಕನ್ನಡ ತುರುಕಲಿಲ್ಲ.

ನಮ್ಮ ಕಡೆಯ ನಾವಿಕರು ಬರೆದದ್ದು ಏನೂ ಉಳಿದಿಲ್ಲವೇ?

ಮನೆಗೆ ಬರೆದ ಕಾಗದ ಉಳಿದಿಲ್ಲ. ತಾಳೆಗರಿ ನಮ್ಮ ಮಳೆಗೆ ಕೊಳೆಯುತ್ತದೆ, ಗೆದ್ದಲು ತಿನ್ನುತ್ತದೆ. ಈಜಿಪ್ಟಿನ ಒಣ ಮರಳು ಪಪೈರಸ್ ಉಳಿಸಿತು. ಹಾಗಾಗಿ ಕತೆಯ ಅರ್ಧ ಭಾಗ ಮಾತ್ರ ನಮಗೆ ಕೇಳಿಸುತ್ತಿದೆ.

ಆದರೂ ಅವರು ಗೀಚಿದ್ದು ಇದೆ. ಸೊಕೋತ್ರ ದ್ವೀಪದ ಹೊಕ್ ಗುಹೆಯ ಕತ್ತಲೊಳಗೆ ಭಾರತದ ನಾವಿಕರು ಬ್ರಾಹ್ಮಿ ಅಕ್ಷರದಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಭರೂಚ್‌ನವನು ಅಂತ ಊರಿನ ಹೆಸರು ಹಾಕಿದವರೂ ಇದ್ದಾರೆ. ಕೆಂಪು ಸಮುದ್ರದ ಬಂದರುಗಳಲ್ಲಿ ತಮಿಳು ಬ್ರಾಹ್ಮಿಯ ಹೆಸರು ಕೊರೆದ ಮಡಕೆ ಚೂರುಗಳು ಸಿಕ್ಕಿವೆ. ಬೆರೆನಿಕೆಯಲ್ಲಿ ಭಾರತದ ಹತ್ತಿಯ ಹಾಯಿಬಟ್ಟೆ, ತೇಗದ ಮರ ಸಿಕ್ಕಿವೆ. ನಮ್ಮ ಹುಡುಗನ ಹಡಗಿನ ಹಾಯಿಗೆ ನಮ್ಮ ಹತ್ತಿಯ ತೇಪೆ ಇದ್ದಿರಬಹುದು.

ವಾಟ್ಸಾಪ್‌ನಲ್ಲಿ ಬರುವ ‘ಪ್ರಾಚೀನ ನಾವಿಕನ ಪತ್ರ’ಗಳನ್ನು ನಂಬಬಹುದೇ?

ಮೊದಲು ತಿಂಗಳು ನೋಡಿ. ಅಕ್ಟೋಬರ್‌ನಲ್ಲಿ ಕೇರಳದಿಂದ ಬರೆದದ್ದು ನವೆಂಬರ್‌ನಲ್ಲಿ ಈಜಿಪ್ಟ್ ಮುಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಸಾಮಾನು ನೋಡಿ. ಮೆಣಸಿನಕಾಯಿ, ಗೋಡಂಬಿ ಇದ್ದರೆ ಅದು ಪೋರ್ಚುಗೀಸರು ಬಂದ ಮೇಲಿನ ಕತೆ. ದಿಕ್ಸೂಚಿ ಇದ್ದರೂ ನಂಬಬೇಡಿ. ಒಬ್ಬ ಸಾಮಾನ್ಯ ಖಲಾಸಿ ಇಡೀ ಹಡಗಿನ ಸರಕನ್ನು ತೂಕ, ಬೆಲೆ ಸಮೇತ ಒಪ್ಪಿಸುತ್ತಿದ್ದರೂ ಅನುಮಾನ ಪಡಿ, ಅವನಿಗೆ ಕಾಣುತ್ತಿದ್ದದ್ದು ಮೂಟೆ ಮತ್ತು ಮೊಹರು. ನಿಜವಾದ ಪಪೈರಸ್‌ಗೆ ಸಂಗ್ರಹಾಲಯದ ಹೆಸರು, ಸಂಖ್ಯೆ ಇರುತ್ತದೆ. ಅದನ್ನು ಕೇಳಿ.

ಕರ್ನಾಟಕದ ಬಂದರಿನ ಜೊತೆ ನಂಟಿರುವ ನಿಜವಾದ ಕಾಗದ ಓದಬೇಕೆಂದರೆ?

ಸುಮಾರು ಸಾವಿರ ವರ್ಷ ಮುಂದೆ ಬನ್ನಿ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ. ಅವನ ಕಾಗದಪತ್ರ ಕೈರೋದ ಗೆನಿಝಾ ಸಂಗ್ರಹದಲ್ಲಿ ಸಿಕ್ಕಿವೆ. ಗೆನಿಝಾ ಅಂದರೆ ಹಳೆಯ ಬರಹಗಳನ್ನು ಎಸೆಯದೆ ಇಡುವ ಪೂಜಾಮಂದಿರದ ಕೋಣೆ. ಅದರಲ್ಲಿ ಮೆಣಸು, ಕಬ್ಬಿಣ, ಅಡಿಕೆ ಕಳಿಸಿದ ಲೆಕ್ಕ ಬರುತ್ತದೆ. ಏಡನ್‌ನ ವರ್ತಕ ಮದ್ಮೂನ್ ಅವನಿಗೆ ಬರೆಯುವ ಹಾಳೆ ಕಳಿಸುತ್ತಿದ್ದ, ಇಲ್ಲಿ ಅದು ಸಿಗುತ್ತಿರಲಿಲ್ಲ. ಬೆನ್ ಯಿಜುನ ಆಳು ಬೊಮ್ಮನ ಹೆಸರೂ ಅಲ್ಲಿದೆ, ತುಳುನಾಡಿನವರಿಗೆ ಕೇಳಿದ ಕೂಡಲೇ ಗುರುತು ಹತ್ತುವ ಹೆಸರು. 1149ರಲ್ಲಿ ಭಾರತ ಬಿಟ್ಟು ಏಡನ್ ಮುಟ್ಟಿದ ಬೆನ್ ಯಿಜು ತನ್ನ ಸೋದರನಿಗೆ ಕಾಗದ ಬರೆದ. ಮಕ್ಕಳ ಜೊತೆ ಸುರಕ್ಷಿತವಾಗಿ ದಡ ಮುಟ್ಟಿದ್ದೇನೆ ಅನ್ನುವುದು ಅದರಲ್ಲಿ ಹೇಳಿದ ಸುದ್ದಿಗಳಲ್ಲೊಂದು. ಅದನ್ನೂ ಅವನು ಬರೆದದ್ದು ಕಡಲು ದಾಟಿದ ಮೇಲೆಯೇ.